ಒಂದೇ ಸೀಸೆ, ನಾಲ್ಕು ಕೈ

ಭದ್ರಾವತಿಯಿಂದ ಹಳೆಯ ಗಿರಾಕಿ ಜಗದಾಂಬಮ್ಮನ ಫೋನು ಬಂದಾಗ ಲಿಖಿತಾ ಪುಟ್ಟ ತಕ್ಕಡಿಯ ಮುಂದೆ ಉಸಿರು ಬಿಗಿಹಿಡಿದು ಕೂತಿದ್ದಳು. ಗುಲಾಬಿ ಎಣ್ಣೆಯನ್ನು ತೂಗುವಾಗ ಜೋರಾಗಿ ಉಸಿರು ಬಿಟ್ಟರೂ ಮುಳ್ಳು ಅಲುಗುತ್ತದೆ. ಫೋನು ಎತ್ತಿಕೊಂಡವರು ಅತ್ತರಿನ ಅಂಗಡಿಯ ಯಜಮಾನರಾದ ಮಲ್ಲಿಕ್ ಸಾಹೇಬರು. ಮೊದಲು ನಗುನಗುತ್ತ ಮಾತಾಡಿದರು, ಆಮೇಲೆ ಬರೀ ಹ್ಞೂಂಗುಟ್ಟಿದರು, ಕೊನೆಗೆ ಅದನ್ನೂ ನಿಲ್ಲಿಸಿ ಗಾಂಧಿ ಬಜಾರಿನ ಜನಸಂದಣಿಯ ಕಡೆ ಮುಖ ತಿರುಗಿಸಿ ನಿಂತರು. ಆ ಬೆನ್ನು ನೋಡಿದ ಲಿಖಿತಾಳಿಗೆ ತಪ್ಪು ತನ್ನದೇ ಎಂದು ಅನ್ನಿಸಿಹೋಯಿತು. ಯಾವ ತಪ್ಪು ಅಂತ ಇನ್ನೂ ಗೊತ್ತಿರಲಿಲ್ಲ, ಅಷ್ಟೇ.

ವಿಷಯ ಇಷ್ಟು. ಜಗದಾಂಬಮ್ಮನ ಮಗಳು ಸ್ಫೂರ್ತಿ ಬಾಣಂತನಕ್ಕೆ ತವರಿಗೆ ಬಂದಿದ್ದಳು. ಬರುವ ಭಾನುವಾರ ಮಗುವನ್ನು ತೊಟ್ಟಿಲಿಗೆ ಹಾಕುವ ಶಾಸ್ತ್ರ. ಅವತ್ತು ಮಗಳು ಹಚ್ಚಿಕೊಳ್ಳಲಿ ಎಂದು ಹಿಂದಿನ ವಾರ ಜಗದಾಂಬಮ್ಮ ತಾವೇ ಬಂದು, ಮಲ್ಲಿಗೆ ಗುಲಾಬಿ ಗಂಧ ಮೂರೂ ಸೇರಿದ ಅತ್ತರಿನ ಒಂದು ಸೀಸೆ ಒಯ್ದಿದ್ದರು. ಆ ಮಿಶ್ರಣ ಮಾಡಿದವಳು ಲಿಖಿತಾ. ಮುಂಚೆಯೇ ನೋಡೋಣವೆಂದು ಮಗಳು ಹಚ್ಚಿಕೊಂಡ ಅರ್ಧ ಗಂಟೆಗೆ ಅದು ಮೂರು ದಿನದ ಹೂವಿನ ಬುಟ್ಟಿಯ ತಳದಂತೆ ನಾರಿತಂತೆ. ಅಂಗಡಿಯಲ್ಲಿ ಮೂಸಿದ್ದು ಒಂದು, ಸೀಸೆಗೆ ತುಂಬಿದ್ದು ಇನ್ನೊಂದು, ಮೂವತ್ತು ವರ್ಷದ ಗಿರಾಕಿಗೇ ಹೀಗೆ ಮಾಡಿದರೆ ಹೇಗೆ ಎಂದು ಜಗದಾಂಬಮ್ಮ ಕೇಳಿದ್ದರು.

ಸಾಹೇಬರು ಫೋನು ಕೆಳಗಿಟ್ಟು ಮೆಲ್ಲಗೆ ಬಂದು ಕೂತರು. ಬಯ್ಯಲಿಲ್ಲ. ಬೈದಿದ್ದರೆ ಸುಲಭವಾಗುತ್ತಿತ್ತು. ಐದು ವರ್ಷದ ಹಿಂದೆ ಬಂದ ಜ್ವರದಲ್ಲಿ ಅವರ ಮೂಗು ಹೋಗಿತ್ತು. ನಲವತ್ತು ವರ್ಷ ಇನ್ನೂರು ಸೀಸೆಗಳನ್ನು ಕಣ್ಣು ಮುಚ್ಚಿ ಮೂಸಿ ಹೆಸರು ಹೇಳುತ್ತಿದ್ದ ಮನುಷ್ಯನಿಗೆ ಈಗ ಸೀಮೆಎಣ್ಣೆಗೂ ಲಾವಂಚದ ಬೇರಿನ ಖಸ್‌ಗೂ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಇದು ಅವರಿಗೆ, ಲಿಖಿತಾಳಿಗೆ, ಅವರ ಅಳಿಯನಿಗೆ ಮಾತ್ರ ಗೊತ್ತು. ಅಂಗಡಿಯನ್ನು ತನ್ನ ಕೈಗೆ ಕೊಟ್ಟರೆ ಈ ಗಾಜಿನ ಬುಡ್ಡಿಗಳನ್ನೆಲ್ಲ ತೆಗೆದು ಕಂಪನಿಯ ಸ್ಪ್ರೇ ಡಬ್ಬಿಗಳನ್ನು ಸಾಲಾಗಿ ಜೋಡಿಸುತ್ತೇನೆ ಎಂದು ಅಳಿಯ ಎರಡು ವರ್ಷದಿಂದ ಹೇಳುತ್ತಿದ್ದ. ಅಂಗಡಿಗೆ ಇನ್ನೂ ಮೂಗು ಇದೆ ಎಂದು ಸಾಹೇಬರು ಅವನಿಗೆ ಉತ್ತರ ಕೊಡುತ್ತ ಬಂದಿದ್ದರು. ಆ ಮೂಗು ಲಿಖಿತಾಳದ್ದು.

"ನೀನು ಸರಿ ಇದೆ ಅಂದ್ರೆ ನಾನೂ ಸರಿ ಇದೆ ಅಂತ ಹೇಳ್ತೀನಿ ಬೇಟಿ," ಎಂದರು. "ನೀನು ಹೇಳ್ಬೇಕು ಅಷ್ಟೇ."

ಅವಳು ಎದ್ದು ಮಾದರಿ ಸೀಸೆಗಳ ಕಪಾಟು ತೆರೆದಳು.

ಮಾಡಿದ ಪ್ರತಿ ಮಿಶ್ರಣದಿಂದ ಒಂದಿಷ್ಟು ಎತ್ತಿ, ತಾರೀಕು ಬರೆದು ಇಡುವುದು ಅವಳ ಕ್ರಮ. ಅವತ್ತಿನ ಸೀಸೆ ಸಿಕ್ಕಿತು. ಕಾಗದದ ಪಟ್ಟಿಗೆ ಅದ್ದಿ ಮೂಸಿದಳು, ಸರಿಯಾಗಿತ್ತು. ರಸ್ತೆಗಿಳಿದು ಗಾಳಿ ಕುಡಿದು ಬಂದು ಮತ್ತೆ ಮೂಸಿದಳು, ಆಗಲೂ ಸರಿ. ನಾಲ್ಕನೇ ಸಲಕ್ಕೆ ಮೂಗು ದಣಿದು ಏನೂ ತಿಳಿಯದೆ ಹೋಯಿತು. ಆಗ ಹೊಸ ಭಯ ಹುಟ್ಟಿತು. ಮಿಶ್ರಣ ಮಾಡಿದ ದಿನ ತನಗೆ ಸಣ್ಣ ಶೀತವಿತ್ತೇ? ಸಾಹೇಬರ ಮೂಗಿನ ಹಾಗೆ ತನ್ನದೂ ಸದ್ದಿಲ್ಲದೆ ಹೋಗುತ್ತಿದೆಯೇ? ಕೆಟ್ಟ ಮೂಗು ತಾನು ಕೆಟ್ಟಿದ್ದೇನೆ ಎಂದು ತಾನೇ ಹೇಗೆ ಹೇಳೀತು?

ನಾಳೆ ಭದ್ರಾವತಿಗೆ ಹೋಗಿ ಬರುತ್ತೇನೆ ಎಂದಳು. ಸಾಹೇಬರು ಬೇಡ ಅನ್ನಲಿಲ್ಲ. ಸಂಜೆ ಬಾಗಿಲು ಹಾಕುವಾಗ, ಅವಳನ್ನು ಸಮಾಧಾನ ಮಾಡಲೆಂದೋ ಏನೋ, ಹಳೆಯ ಮಾತು ತೆಗೆದರು. ಉಕ್ಕಿನ ಕಾರ್ಖಾನೆ ಜೋರಾಗಿ ನಡೆಯುತ್ತಿದ್ದ ಕಾಲದಲ್ಲಿ ಸಂಬಳದ ಮರುದಿನ ಭದ್ರಾವತಿಯಿಂದ ಗಂಡಸರು ಗುಂಪಾಗಿ ಬರುತ್ತಿದ್ದರು. ಕುಲುಮೆಯ ಮುಂದೆ ನಿಲ್ಲುವವರಿಗೆ ಸಾಹೇಬರು ಗುಲಾಬಿ ಕೊಡುತ್ತಿರಲಿಲ್ಲ. ಕಾದ ಮೈಯ ಮೇಲೆ ಹಗುರ ವಾಸನೆ ಒಂದು ಗಂಟೆಯೂ ನಿಲ್ಲುವುದಿಲ್ಲ, ಹಾರಿಹೋಗುತ್ತದೆ. ಗಂಧ, ಖಸ್‌ನಂಥ ಭಾರದ್ದೇ ಅವರಿಗೆ ಆಗಬೇಕು. ಆಫೀಸಿನಲ್ಲಿ ಫ್ಯಾನಿನ ಕೆಳಗೆ ಕೂರುವವರಿಗೆ ಅದೇ ಗುಲಾಬಿ ಮಧ್ಯಾಹ್ನದ ತನಕ ಬರುತ್ತಿತ್ತು. ಎಣ್ಣೆ ಮೈಯವರ ಮೇಲೆ ನಿಲ್ಲುತ್ತದೆ, ಒಣ ಮೈಯವರ ಮೇಲೆ ಬೇಗ ಹೋಗುತ್ತದೆ. ಕೈ ಹಿಡಿದು, ಅಂಗೈ ಹಿಂಭಾಗಕ್ಕೆ ಕಡ್ಡಿಯಲ್ಲಿ ಒಂದು ಗೆರೆ ಎಳೆದು, ಚಹಾ ಕುಡಿಸಿ, ಆಮೇಲೆ ಮೂಸಿ, ನಿನಗೆ ಇದು ಎಂದು ಹೇಳುತ್ತಿದ್ದರಂತೆ.

"ಹೆಂಗಸರಿಗೆ?" ಎಂದು ಲಿಖಿತಾ ಕೇಳಿದಳು.

ಸಾಹೇಬರು ಬೀಗದ ಮೇಲೆ ಕೈಯಿಟ್ಟು ನಿಂತುಬಿಟ್ಟರು. ಪರ ಹೆಂಗಸರ ಕೈ ಮುಟ್ಟುವುದು ಅವರಲ್ಲಿ ಇರಲಿಲ್ಲ. ಮೊದಲೆಲ್ಲ ಹೆಂಗಸರು ಬಿರಡೆಯನ್ನೇ ಮೂಸಿ ಒಯ್ಯುತ್ತಿದ್ದರು. ಲಿಖಿತಾ ಸೇರಿದ ಮೇಲೆ ಒಂದು ಪದ್ಧತಿಯಾಯಿತು: ಹೆಂಗಸರು ಬಂದರೆ ಅವಳ ಮಣಿಕಟ್ಟಿಗೆ ಹಚ್ಚುವುದು, ಬಂದವರು ಅದನ್ನು ಮೂಸುವುದು. ಅಲ್ಲಿಂದ ಮುಂದೆ ಬಟ್ಟೆ ಅಂಗಡಿಗೆ ಹೋಗುವವರಿಗೂ ತಮ್ಮ ಕೈ ಜಿಡ್ಡಾಗಲಿಲ್ಲವಲ್ಲ ಎಂಬ ಸಮಾಧಾನ. ಅವಳ ಕೈಯ ಮೇಲೆ ಯಾವ ಅತ್ತರೂ ಚೆಂದ ಅರಳುತ್ತಿತ್ತು. ನಿನ್ನ ಕೈಯಲ್ಲಿ ಬರ್ಕತ್ ಇದೆ, ದೇವರ ಕೃಪೆ ಇದೆ ಎಂದು ಸಾಹೇಬರು ಎಷ್ಟೋ ಸಲ ಹೇಳಿದ್ದರು. ಸಂಜೆ ಕಾಲೇಜಿನಲ್ಲಿ ಬಿ.ಕಾಂ. ಮುಗಿಸಿ, ಎಲ್ಲೂ ಹೆಸರು ಮಾಡದೆ ಈ ಅಂಗಡಿ ಸೇರಿದವಳಿಗೆ ಆ ಒಂದು ಮಾತು ದೊಡ್ಡದಾಗಿತ್ತು.

ಜಗದಾಂಬಮ್ಮನೂ ಅವಳ ಮಣಿಕಟ್ಟನ್ನೇ ಮೂಸಿ ಸೀಸೆ ಒಯ್ದಿದ್ದರು.

ಅವತ್ತು ರಾತ್ರಿ ಗೋಪಾಳ ಬಡಾವಣೆಯ ತನ್ನ ಮನೆಯಲ್ಲಿ ಊಟ ಮಾಡುವಾಗ ಲಿಖಿತಾಳಿಗೆ ಅರ್ಧ ಧೈರ್ಯ ಬಂದಿತ್ತು. ಅತ್ತರು ಕೆಟ್ಟಿಲ್ಲ, ಹಚ್ಚಿಕೊಂಡ ಮೈ ಬೇರೆ, ಅಷ್ಟೇ. ಆದರೆ ಮರುದಿನ ಬಸ್ಸಿನಲ್ಲಿ ಕೂತು ಹೊರಟ ಮೇಲೆ ಉಳಿದರ್ಧದ ಭಯ ಬೇರೆ ರೂಪದಲ್ಲಿ ಬಂತು. ಅತ್ತರು ಸರಿ ಇದೆ ಎಂದು ಸಾಧಿಸಬೇಕಾದರೆ ತಾನು ಏನು ಹೇಳಬೇಕಾಗುತ್ತದೆ? ನಿಮ್ಮ ಮಗಳ ಮೈಯೇ ಹಾಗೆ ನಾರುತ್ತದೆ ಅಂತಲೇ? ಹೆತ್ತು ಐದು ವಾರವಾದ ಹೆಣ್ಣಿನೆದುರು, ಅವಳ ತಾಯಿಯೆದುರು? ತನ್ನ ಹೆಸರು ಉಳಿಸಿಕೊಳ್ಳಲು ಇನ್ನೊಬ್ಬಳ ಮೈಯನ್ನು ಕಟಕಟೆಗೆ ನಿಲ್ಲಿಸುವುದು. ಬಸ್ಸು ಭದ್ರಾ ನದಿಯ ಸೇತುವೆ ದಾಟುವ ತನಕ ಅವಳು ಬೇರೆ ಬೇರೆ ಮಾತು ಜೋಡಿಸಿ ನೋಡಿದಳು. ಒಂದೂ ಒಪ್ಪಿಗೆಯಾಗಲಿಲ್ಲ.

ಮನೆ ಜನ್ನಾಪುರದಲ್ಲಿ. ಜಗದಾಂಬಮ್ಮನ ಗಂಡ ಷಡಕ್ಷರಪ್ಪ ಕಾರ್ಖಾನೆಯಿಂದ ನಿವೃತ್ತರಾದವರು. ಹಣೆಯ ತುಂಬ ವಿಭೂತಿ ಹಚ್ಚಿಕೊಂಡು ಜಗಲಿಯಲ್ಲಿ ಪೇಪರ್ ಓದುತ್ತಿದ್ದರು. ಜಗದಾಂಬಮ್ಮ ಮಗುವಿನ ಬಟ್ಟೆ ಒಗೆದು ಬಂದವರು, ಕೈ ಒರೆಸಿಕೊಳ್ಳುತ್ತ, ಒಳಗೆ ಬಾ ಅಂತಲೂ ಅನ್ನದೆ ಸೀಸೆಯನ್ನು ತಂದು ಅವಳ ಮುಂದಿಟ್ಟರು.

"ಮೂಸು. ನೀನೇ ಹೇಳು ಮಾರಾಯ್ತಿ, ಇದು ನಾನು ತಗೊಂಡಿದ್ದಾ?"

ಲಿಖಿತಾ ಎರಡು ಕಾಗದದ ಪಟ್ಟಿ ತೆಗೆದಳು. ಒಂದನ್ನು ಅವರ ಸೀಸೆಗೆ, ಇನ್ನೊಂದನ್ನು ತಾನು ತಂದಿದ್ದ ಮಾದರಿಗೆ ಅದ್ದಿ ಕೊಟ್ಟಳು. ಜಗದಾಂಬಮ್ಮ ಅದಲು ಬದಲು ಮಾಡಿ ಮೂಸಿದರು. ಎರಡೂ ಒಂದೇ ಅನ್ನುವುದನ್ನು ಒಪ್ಪಲೇಬೇಕಾಯಿತು. ಹಾಗಿದ್ದರೆ ಮಗಳ ಮೇಲೆ ಯಾಕೆ ಹಾಗೆ ಎಂದು ಕೇಳಿದರು. ಲಿಖಿತಾ ಸೀಸೆಗಳ ಬಿರಡೆ ಹಾಕುತ್ತ ಒಳಗಡೆ ನೋಡಿದಳು.

ಬಾಣಂತಿ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಒಳಗಿನಿಂದ ಬೆಚ್ಚನೆಯ ಗಾಳಿ ಬರುತ್ತಿತ್ತು. ಕೆಂಡದ್ದು, ಸಾಂಬ್ರಾಣಿಯದ್ದು, ಬೆಳ್ಳುಳ್ಳಿಯದ್ದು, ಎಲ್ಲಕ್ಕಿಂತ ಮೇಲೆ ಮೆಂತ್ಯದ ಕಮಟು ಸಿಹಿ. ಕಿವಿಗೆ ಹತ್ತಿ ಇಟ್ಟು ತಲೆಗೆ ಬಟ್ಟೆ ಸುತ್ತಿದ ಸ್ಫೂರ್ತಿ ಮಂಚದ ಮೇಲೆ ಕೂತು ಇತ್ತ ನೋಡುತ್ತಿದ್ದಳು. ಲಿಖಿತಾಳಿಗಿಂತ ಎರಡು ವರ್ಷ ದೊಡ್ಡವಳಿರಬೇಕು. ಪಕ್ಕದ ಸ್ಟೂಲಿನ ಮೇಲೆ ಮೆಂತ್ಯದ ಉಂಡೆಯ ಡಬ್ಬಿ. ಕಂಕುಳ ಹತ್ತಿರ ರವಿಕೆ ಒದ್ದೆಯಾಗಿತ್ತು. ಅವಳ ಮುಖದ ಮೇಲಿದ್ದದ್ದು ಸಿಟ್ಟಲ್ಲ. ತೀರ್ಪನ್ನು ಮೊದಲೇ ಊಹಿಸಿಕೊಂಡವರ ಮುಖ ಅದು. ಎರಡು ದಿನದಿಂದ ಹೊತ್ತಿಗೊಂದು ಸ್ನಾನ ಕೇಳುತ್ತಾಳೆ, ಹಸಿ ಮೈಗೆ ಆಗಲ್ಲ ಅಂದರೆ ಕೇಳಲ್ಲ ಎಂದು ಜಗದಾಂಬಮ್ಮ ಗೊಣಗಿದರು. ಆ ಗೊಣಗಾಟದಲ್ಲಿ ಲಿಖಿತಾಳಿಗೆ ಬೇಕಾದ ಸಂಗತಿ ಪೂರ್ತಿ ಸಿಕ್ಕಿತು. ಈ ಹುಡುಗಿ ಅತ್ತರನ್ನು ದೂರುತ್ತಿರಲಿಲ್ಲ. ತನ್ನ ಮೈಯನ್ನೇ ದೂರುತ್ತಿದ್ದಳು.

"ಎಲ್ಲರ ಕೈಗೂ ಹಚ್ಚೋಣ," ಎಂದಳು ಲಿಖಿತಾ. ಯೋಚಿಸಿ ಹೇಳಿದ್ದಲ್ಲ, ಬಾಯಿಗೆ ಬಂದದ್ದು. "ಇದೇ ಸೀಸೆಯಿಂದ. ನಿಮಗೆ, ಅಕ್ಕನಿಗೆ, ನನಗೆ, ಅಪ್ಪಾವರಿಗೂ."

ಷಡಕ್ಷರಪ್ಪ ಪೇಪರ್ ಮಡಿಸಿ, ತನ್ನನ್ನು ಯಾಕೆ ಎಳೆಯುತ್ತೀರಿ, ತಾನು ಕುಲುಮೆಯ ಹೊಗೆ ಕುಡಿದ ಮನುಷ್ಯ ಎಂದು ತಕರಾರು ತೆಗೆದರು. ತೆಗೆಯುತ್ತಲೇ ಕೈ ಮುಂದೆ ಚಾಚಿದರು. ನಾಲ್ಕು ಕೈಗಳ ಮೇಲೆ ಲಿಖಿತಾ ಒಂದೇ ಅಳತೆಯ ಒಂದೊಂದು ಗೆರೆ ಎಳೆದಳು. ಉಜ್ಜಬೇಡಿ, ಅರ್ಧ ಗಂಟೆ ಸುಮ್ಮನಿರಿ ಎಂದಳು. ಮೊದಲ ನಿಮಿಷದ ವಾಸನೆ ಎಲ್ಲರ ಮೇಲೂ ಹೆಚ್ಚು ಕಡಿಮೆ ಒಂದೇ. ಅಂಗಡಿಯ ಮುಂದೆ ಜನ ಮೋಸ ಹೋಗುವುದೇ ಅಲ್ಲಿ.

ಆ ಅರ್ಧ ಗಂಟೆಯಲ್ಲಿ ಕಾಫಿ ಬಂತು. ಸ್ಫೂರ್ತಿಗೆ ಕಾಫಿಯಿಲ್ಲ, ಜೀರಿಗೆ ಕಷಾಯ. ಬೆಳಿಗ್ಗೆ ಎದ್ದ ಕೂಡಲೆ ಮೆಂತ್ಯದ ಉಂಡೆ, ಊಟಕ್ಕೆ ಸುಟ್ಟ ಬೆಳ್ಳುಳ್ಳಿ ಮತ್ತು ಮೆಣಸಿನ ಸಾರು, ರಾತ್ರಿ ಮತ್ತೆ ಉಂಡೆ ಎಂದು ಜಗದಾಂಬಮ್ಮ ಹೆಮ್ಮೆಯಿಂದ ಪಟ್ಟಿ ಹೇಳಿದರು. ಲಿಖಿತಾ ಎಲ್ಲಕ್ಕೂ ತಲೆಯಾಡಿಸುತ್ತ ಒಳಗೊಳಗೆ ಹೆದರುತ್ತಿದ್ದಳು. ಈಗ ಎಲ್ಲ ಕೈಗಳೂ ಒಂದೇ ಥರ ಇದ್ದು, ಸ್ಫೂರ್ತಿಯದೊಂದೇ ಕೆಟ್ಟದಾಗಿ ಬಂದರೆ? ಆಗ ತಾನು ಗೆಲ್ಲುತ್ತೇನೆ, ಅವಳು ಎಲ್ಲರೆದುರು ಸೋಲುತ್ತಾಳೆ. ಬಂದ ಕೆಲಸವೇ ಅದಾಗಿತ್ತು ಎಂಬುದು ನೆನಪಾಗಿ ಲೋಟವನ್ನು ಕೆಳಗಿಟ್ಟಳು.

ಹೊತ್ತಾದ ಮೇಲೆ ಷಡಕ್ಷರಪ್ಪನವರನ್ನು ಬಾಣಂತಿ ಕೋಣೆಯ ಬಾಗಿಲಲ್ಲಿ ಕುರ್ಚಿ ಹಾಕಿ ಕೂರಿಸಿದರು. ಕಣ್ಣು ಮುಚ್ಚಿಕೊಳ್ಳಿ, ಯಾವುದು ಅಂಗಡಿಯ ಮಾಲು, ಯಾವುದು ನಕಲಿ ಹೇಳಿ ಎಂದು ಲಿಖಿತಾ ಆಟ ಹೂಡಿದಳು. ಮೊದಲು ತನ್ನ ಕೈಯನ್ನು ಅವರ ಮೂಗಿನ ಮುಂದೆ ಹಿಡಿದಳು. ಇದು ಅಸಲಿ, ಮಲ್ಲಿಗೆ ಈಗ ಬಿರಿದ ಹಾಗಿದೆ ಎಂದರು. ಆಮೇಲೆ ಒಂದು ಕೈ ಮುಂದೆ ಬಂತು. ಅವರು ಮೂಸಿದರು, ಮತ್ತೆ ಮೂಸಿದರು, ಮೂಗು ಸುಕ್ಕಿಸಿದರು.

"ಇದ್ರಲ್ಲಿ ಏನೂ ಇಲ್ಲ ಕಣಮ್ಮ. ಹೂವು ಇಲ್ಲ, ಗೀವು ಇಲ್ಲ. ಬರೀ ಸೌದೆ ಚಕ್ಕೆ. ಇದೇ ನಕಲಿ, ಬರ್ಕೋ."

ಕಣ್ಣು ಬಿಟ್ಟಾಗ ಎದುರಿಗಿದ್ದದ್ದು ಹೆಂಡತಿಯ ಕೈ.

"ಮೂವತ್ತೈದು ವರ್ಷ ಬೇಯಿಸಿ ಹಾಕಿದ್ ಮೇಲೆ ಗೊತ್ತಾಯ್ತಾ ನಿಮಗೆ ನಾನು ನಕಲಿ ಅಂತ?" ಎಂದರು ಜಗದಾಂಬಮ್ಮ.

ಸ್ಫೂರ್ತಿ ನಕ್ಕಳು. ಮೊದಲು ಮೂಗಿನಲ್ಲಿ, ಆಮೇಲೆ ತಡೆಯಲಾರದೆ, ಮಗು ಏಳುತ್ತದೆಂದು ಸೆರಗನ್ನು ಬಾಯಿಗೊತ್ತಿಕೊಂಡು. ಷಡಕ್ಷರಪ್ಪ ಪೆಚ್ಚಾಗಿ ತನ್ನ ಕೈಯನ್ನೇ ಮೂಸಿಕೊಂಡು, ತನ್ನದರಲ್ಲಿ ಗುಲಾಬಿ ಹೋಗಿ ವಿಭೂತಿಯೂ ಗಂಧವೂ ಉಳಿದಿದೆ, ತನ್ನದು ಯಾವ ಪಾರ್ಟಿ ಎಂದು ಕೇಳಿದರು. ನಗು ಇನ್ನೂ ಇರುವಾಗಲೇ ಸ್ಫೂರ್ತಿ ತಾನಾಗಿ ಕೈ ಚಾಚಿದಳು. ಅಪ್ಪ ಕಣ್ಣು ಮುಚ್ಚಿ ಮೂಸಿದರು. ಈ ಸಲ ತಮಾಷೆ ಮಾಡಲಿಲ್ಲ.

"ಇದು ನಂಗೊತ್ತಿರೋ ವಾಸ್ನೆ," ಎಂದರು. "ನೀನು ಹುಟ್ಟಿದಾಗ ನಿಮ್ಮಮ್ಮ ಇದ್ದ ಕೋಣೆ ಹೀಗೇ ಇತ್ತು. ಶಿಫ್ಟ್ ಮುಗಿಸ್ಕೊಂಡು ಬಂದು ಬಾಗಿಲು ತೆಗೆದ್ರೆ ಇದೇ ಬರ್ತಿತ್ತು. ಅತ್ತರ್ ಯಾವುದೂ ಇರ್ಲಿಲ್ಲ ಆವಾಗ."

 ಈಗ ಹೇಳಬಹುದು ಎಂದು ಲಿಖಿತಾಳಿಗೆ ಅನ್ನಿಸಿತು. ಅವಳು ಜಗದಾಂಬಮ್ಮನ ಕೈಯಿಂದ ಶುರು ಮಾಡಿದಳು. ಸೋಪಿನಲ್ಲಿ, ತಣ್ಣೀರಲ್ಲಿ ನೆನೆದು ನೆನೆದು ಒಣಗಿದ ಕೈ. ಹಗುರವಾದ ಹೂವಿನ ವಾಸನೆಯನ್ನು ಹಿಡಿದಿಟ್ಟುಕೊಳ್ಳಲು ಅಲ್ಲಿ ಜಿಡ್ಡೇ ಇಲ್ಲ, ಭಾರದ ಗಂಧ ಮಾತ್ರ ಕೂತಿದೆ. ತನ್ನದು ಎಣ್ಣೆ ಮೈ, ಹಾಗಾಗಿ ಹೂವು ನಿಧಾನವಾಗಿ ಹೊರಡುತ್ತದೆ. ಸ್ಫೂರ್ತಿಯ ಮೈ ಬಿಸಿ. ಹೆತ್ತ ಮೈ ತಾನೇ ಹೆಚ್ಚು ಬೆವರುತ್ತದೆ, ಮೇಲೆ ಕೆಂಡ ಬೇರೆ. ಬಿಸಿ ಹೆಚ್ಚಿದಷ್ಟೂ ಅತ್ತರಿನೊಳಗಿದ್ದದ್ದೆಲ್ಲ ಒಮ್ಮೆಲೆ ಮೇಲೇಳುತ್ತದೆ. ಮಲ್ಲಿಗೆಯಲ್ಲಿ ಬಾಡಿದ ಹೂವಿನಂಥ ಒಂದು ಅಂಶ ಇದ್ದೇ ಇರುತ್ತದೆ. ಚೂರು ಇದ್ದರೆ ಅದೇ ಚೆಂದ, ರಾಶಿ ಎದ್ದರೆ ಮುಖಕ್ಕೆ ಹೊಡೆಯುತ್ತದೆ. ಇನ್ನು ಮೆಂತ್ಯ, ಬೆಳ್ಳುಳ್ಳಿ ತಿಂದರೆ ಅವುಗಳ ವಾಸನೆ ಬೆವರಿನಲ್ಲೂ ಬರುತ್ತದೆ. ಅದೂ ಇದೂ ಸೇರಿ ಮೂರನೆಯದೊಂದು ಆಗಿದೆ. ಉಂಡೆ ತಿನ್ನುವುದು ನಿಂತ ಕೆಲವು ದಿನಕ್ಕೆ ಅದು ತಾನೇ ಹೋಗುತ್ತದೆ.

ಹೇಳುತ್ತ ಹೇಳುತ್ತ, ಇದರಲ್ಲಿ ತನಗೆ ಎಷ್ಟು ಗೊತ್ತು, ಎಷ್ಟು ಊಹೆ ಎಂದು ಅವಳಿಗೇ ಅಳುಕಾಯಿತು. ಗೊತ್ತಿದ್ದ ಒಂದನ್ನು ಮಾತ್ರ ಗಟ್ಟಿಯಾಗಿ ಹೇಳಿದಳು.

"ತಪ್ಪು ನಮ್ಮದೇ ಅಮ್ಮ. ಅತ್ತರಿನದ್ದಲ್ಲ. ಹಚ್ಕೊಳ್ಳೋರು ಇಲ್ಲಿದ್ರು, ನಾನು ನನ್ನ ಕೈ ತೋರಿಸಿ ಮಾರ್ದೆ."

ಜಗದಾಂಬಮ್ಮ ಕೂಡಲೆ ಒಪ್ಪುವ ಜಾತಿಯವರಲ್ಲ. ಹಾಗಾದರೆ ಭಾನುವಾರಕ್ಕೆ ಏನು ಮಾಡುವುದು, ಬೀಗರು ಬರುತ್ತಾರೆ, ಬದಲಿಗೆ ಒಂದು ಒಳ್ಳೆಯದು ಕೊಡು ಎಂದು ಪಟ್ಟು ಹಿಡಿದರು. ಲಿಖಿತಾಳ ಚೀಲದಲ್ಲಿ ಖಸ್‌ನ ಒಂದು ಸೀಸೆ ಇತ್ತು. ಬಿಸಿ ಮೈಗೆ ಅದು ಹೊಂದುತ್ತದೆ ಎಂದು ಸಾಹೇಬರ ಮಾತು ಕೇಳಿ ತಂದದ್ದು. ಅದನ್ನು ಕೊಟ್ಟುಬಿಟ್ಟರೆ ಗಿರಾಕಿಗೂ ಸಮಾಧಾನ, ಸಾಹೇಬರಿಗೂ ಉತ್ತರ. ಕೈ ಚೀಲದ ಬಾಯಿಗೆ ಹೋಗಿತ್ತು. ಅಷ್ಟರಲ್ಲಿ ಮಗು ಎದ್ದು ಅತ್ತಿತು. ಸ್ಫೂರ್ತಿ ಎತ್ತಿಕೊಂಡಳು. ಮಗು ಅಳುತ್ತಲೇ ಮೂಗಿನಿಂದ ಅವಳ ಎದೆಯನ್ನು, ತೋಳನ್ನು ತಡಕಿತು. ಅತ್ತರಿನ ಗೆರೆಯಿದ್ದ ಕೈ ಹತ್ತಿರ ಬಂದಾಗ ಮುಖ ಆ ಕಡೆ ಹೊರಳಿಸಿ ಮತ್ತೆ ಅತ್ತಿತು. ಅದು ಅತ್ತರಿಗೋ ಹಸಿವಿಗೋ ಲಿಖಿತಾಳಿಗೆ ತಿಳಿಯಲಿಲ್ಲ. ತಿಳಿಯದಿದ್ದರೂ ಅವಳು ಚೀಲದ ಬಾಯಿ ಮುಚ್ಚಿದಳು.

"ಈಗೇನೂ ಹಚ್ಕೋಬೇಡಿ ಅಕ್ಕ," ಎಂದಳು. "ಖಸ್ ಇದೆ ನನ್ನ ಹತ್ರ, ಆದ್ರೆ ಬೇಡ. ಕಣ್ಣು ಸರಿಯಾಗಿ ಕಾಣೋ ತನಕ ಮಗು ನಿಮ್ಮನ್ನ ಹುಡುಕೋದು ವಾಸನೆಯಿಂದಲೇ."

ಸ್ಫೂರ್ತಿ ಮಗುವಿಗೆ ಹಾಲೂಡಿಸಲು ತಿರುಗಿ ಕೂತಳು. ಗೋಡೆಯ ಕಡೆಯಿಂದ, ಅಮ್ಮನಿಗೆ ಕೇಳದಷ್ಟು ಮೆಲ್ಲಗೆ, "ಕೆಟ್ಟದಾಗಿಲ್ವಾ?" ಎಂದು ಕೇಳಿದಳು. ಲಿಖಿತಾ ಹತ್ತಿರ ಹೋಗಿ ಅವಳ ಭುಜದ ಹತ್ತಿರ ಬಾಗಿದಳು. ಆರು ವರ್ಷದಲ್ಲಿ ಸಾವಿರ ಸೀಸೆ ಮೂಸಿದ ಮೂಗು ಈಗ ಕೆಲಸ ಬಿಟ್ಟು ಸುಮ್ಮನೆ ಮೂಸಿತು. ಕೆಂಡ, ಹಾಲು, ಮೆಂತ್ಯ, ಬೆವರು.

"ಇಲ್ಲ," ಎಂದಳು. ಸಮಾಧಾನಕ್ಕೆ ಹೇಳಿದ್ದಲ್ಲ ಎಂಬುದು ಅವಳಿಗೆ ಖಚಿತವಿತ್ತು. ಎರಡು ದಿನದಲ್ಲಿ ಖಚಿತವೆನಿಸಿದ ಮೊದಲ ಮಾತು ಅದು.

ಹೊರಡುವಾಗ ಜಗದಾಂಬಮ್ಮ ಸೀಸೆಯನ್ನು ಹಿಂದಕ್ಕೆ ಕೊಡಲಿಲ್ಲ, ಇಟ್ಟುಕೊಳ್ಳುತ್ತೇನೆ ಅಂತಲೂ ಅನ್ನಲಿಲ್ಲ. ದೇವರ ಕೋಣೆಯ ಗೂಡಿನಲ್ಲಿಟ್ಟು ಬಾಗಿಲು ಹಾಕಿದರು. ಅವರು ನಂಬಿದರೋ, ಸುಮ್ಮನೆ ಸೋತರೋ ಎಂದು ಲಿಖಿತಾ ಬಸ್ ನಿಲ್ದಾಣದ ತನಕ ಲೆಕ್ಕ ಹಾಕುತ್ತಲೇ ನಡೆದಳು. ಮಾರಬೇಕಾದಲ್ಲಿ ಮಾರದೆ ಬಂದದ್ದನ್ನು ಸಾಹೇಬರಿಗೆ ಹೇಗೆ ಹೇಳುವುದೆಂಬ ಚಿಂತೆ ಬೇರೆ. ಬಸ್ಸು ಹತ್ತಿ ಕೂತ ಮೇಲೆ ಅವರಿಗೆ ಫೋನು ಮಾಡಿದಳು. ಅತ್ತರು ಸರಿ ಇತ್ತು ಎಂದಳು. ನಾವು ತೋರಿಸುವ ರೀತಿ ಸರಿ ಇರಲಿಲ್ಲ ಎಂದೂ ಸೇರಿಸಿದಳು. ನನ್ನ ಕೈಯಲ್ಲಿರುವುದು ಬರ್ಕತ್ ಅಲ್ಲ ಸಾಹೇಬ್ರೆ, ಜಿಡ್ಡು. ನಾಳೆಯಿಂದ ಬಂದವರ ಕೈಗೇ ಹಚ್ಚುತ್ತೇನೆ, ಎಷ್ಟು ಹೊತ್ತಾದರೂ ಕೂರಿಸುತ್ತೇನೆ ಎಂದಳು.

 ಜಗದಾಂಬಮ್ಮ ಆಗಲೇ ಫೋನು ಮಾಡಿದ್ದರು ಎಂದು ಸಾಹೇಬರು ಹೇಳಿದರು. ಹುಡುಗಿ ಇನ್ನೊಂದು ಸೀಸೆ ತಲೆಗೆ ಕಟ್ಟಲು ಬಂದಳು ಅಂದುಕೊಂಡಿದ್ದೆ, ಯಾವುದೂ ಬೇಡ ಅಂತ ಹೇಳಿ ಹೋದಳು, ಇಂಥವಳನ್ನು ಇಟ್ಟುಕೊಂಡು ವ್ಯಾಪಾರ ಹೇಗೆ ಮಾಡುತ್ತೀರಿ ಎಂದು ಕೇಳಿದರಂತೆ. ಸಾಹೇಬರು ಅದನ್ನು ನಕ್ಕು ಹೇಳಿದರೋ ಬೇಸರದಿಂದಲೋ ಬಸ್ಸಿನ ಗಲಾಟೆಯಲ್ಲಿ ತಿಳಿಯಲಿಲ್ಲ. ಮುಂದಿನ ಮಾತು ಮಾತ್ರ ಸ್ಪಷ್ಟವಾಗಿ ಕೇಳಿಸಿತು.

"ಗುಲಾಬಿ ಎಣ್ಣೆ ಪಾರ್ಸೆಲ್ ಬಂದಿದೆ ಬೇಟಿ. ತಂದವನು ಸಹಿ ಹಾಕಿ ಅಂತಾನೆ, ಅಳಿಯನೂ ಇಲ್ಲೇ ನಿಂತಿದ್ದಾನೆ. ನೀನು ಬಂದು ಮೂಸಿ ಹೇಳೋ ತನಕ ಹಾಕಲ್ಲ ಅಂದಿದ್ದೀನಿ. ಎಲ್ಲಿದ್ದೀಯ?"

ಬಸ್ಸು ಇನ್ನೂ ಹೊರಟಿರಲಿಲ್ಲ. ಒಂದು ಗಂಟೆಯಾದರೂ ಬೇಕು ಎಂದಳು. ಆಗಲಿ, ಪಾರ್ಸೆಲಿನವನಿಗೆ ಚಹಾ ಕೊಡಿಸುತ್ತೇನೆ ಎಂದು ಸಾಹೇಬರು ಫೋನಿಟ್ಟರು.